ತಿಂಗಳ ಪತ್ರದಲ್ಲಿ 'ಅಂಕ ಕುಸಿದಿದೆ' ಎಂದು ಬರೆಯುವ ಮೊದಲು
(ವಿಜಯಪುರದಲ್ಲಿ ನವೋದಯ ಕೋಚಿಂಗ್ ಶಿಕ್ಷಕರ ಸಭೆಯಲ್ಲಿ ನೀಡಿದ ಉಪನ್ಯಾಸ)

ಶಿಕ್ಷಕ ಬಂಧುಗಳಿಗೆ ನಮಸ್ಕಾರ.

ತಿಂಗಳ ಕೊನೆಗೆ ನಾವು ಪಾಲಕರಿಗೆ ಕಳಿಸುವ ಪತ್ರ ಯಾರ ಕೈ ಸೇರುತ್ತದೆ ಎಂಬುದನ್ನು ಮೊದಲು ನೆನೆಯೋಣ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪ ದುಡಿಯಲು ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೋಗಿರುತ್ತಾನೆ. ಪತ್ರವನ್ನು ಅಣ್ಣನೋ ಅಕ್ಕನೋ ಓದಿ ಹೇಳುತ್ತಾರೆ, ಅದರ ಫೋಟೊ ಅಪ್ಪನ ಮೊಬೈಲಿಗೆ ಹೋಗುತ್ತದೆ. ಅದರಲ್ಲಿ 'ಅಂಕ ಕುಸಿದಿದೆ, ಓದಿನ ಕಡೆ ಗಮನ ಹರಿಸಿ' ಎಂದಿದ್ದರೆ ರಾತ್ರಿ ಫೋನ್ ಬರುತ್ತದೆ: "ಸರ, ಏನಾತ್ರೀ ನಮ್ಮ ಹುಡುಗಿಗೆ?" ಹಾಗೆ ಕೇಳುವವರ ಗಾಬರಿ ಸಹಜವಾದದ್ದೇ. ಆರನೆಯ ತರಗತಿಯ ಪ್ರವೇಶಕ್ಕಿರುವ ನವೋದಯ ಪರೀಕ್ಷೆಯನ್ನು ಮಗು ಒಂದೇ ಸಲ ಬರೆಯಬಹುದು, ಮತ್ತೊಮ್ಮೆ ಅವಕಾಶವಿಲ್ಲ. ಆಲಮಟ್ಟಿಯ ನವೋದಯ ಶಾಲೆಗೆ ಇಡೀ ಜಿಲ್ಲೆಯ ಮಕ್ಕಳು ಪೈಪೋಟಿ ಮಾಡುತ್ತಾರೆ, ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು.

ಆದ್ದರಿಂದ ಪತ್ರದ ಪ್ರತಿ ವಾಕ್ಯವೂ ಲೆಕ್ಕಕ್ಕೆ ನಿಲ್ಲಬೇಕು. ಒಂದು ಮಗುವಿನ ತಿಂಗಳನ್ನು ಉದಾಹರಣೆಗಾಗಿ ನಾನೇ ಹೊಂದಿಸಿಕೊಂಡು ತಂದಿದ್ದೇನೆ, ಅದನ್ನೇ ಪೂರ್ತಿ ನೋಡೋಣ.

ಐದನೆಯ ತರಗತಿಯ ಹುಡುಗಿ. ನಾಲ್ಕು ಭಾನುವಾರ ನಾಲ್ಕು ಟೆಸ್ಟ್ ಬರೆದಿದ್ದಾಳೆ. ಪ್ರತಿಯೊಂದರಲ್ಲೂ ನಿಜವಾದ ಪರೀಕ್ಷೆಯಂತೆ 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅವಳ ಅಂಕ ಕ್ರಮವಾಗಿ 72.5, 70, 75, 63.75. ಕೊನೆಯ ಎರಡನ್ನು ಮಾತ್ರ ನೋಡಿದವರು 'ಹನ್ನೊಂದು ಅಂಕ ಬಿತ್ತು' ಎನ್ನುತ್ತಾರೆ.

ಈಗ ಆ ನಾಲ್ಕು ಟೆಸ್ಟಿನಲ್ಲಿ ಇಡೀ ಬ್ಯಾಚು ಏನು ಮಾಡಿತು ನೋಡಿ. ಎಲ್ಲ ಮಕ್ಕಳ ಅಂಕವನ್ನು ಏರಿಕೆಯ ಕ್ರಮದಲ್ಲಿ ಬರೆದು ನಟ್ಟನಡುವೆ ಇರುವ ಮಗುವಿನ ಅಂಕ ತೆಗೆದುಕೊಳ್ಳಿ. ಸರಾಸರಿ ಬೇಡ. ಇಬ್ಬರು ಮೂವರು ಜ್ವರದಲ್ಲಿ ಬಂದು ಬರೆದರೂ ಅದು ಕೆಳಗೆ ಜಗ್ಗುತ್ತದೆ. ಈ ಬ್ಯಾಚಿನ ನಡುವಿನ ಅಂಕ 66.25, 65, 67.5, 58.75. ಹುಡುಗಿ ಅದಕ್ಕಿಂತ ಎಷ್ಟು ಮೇಲಿದ್ದಾಳೆ? 6.25, 5, 7.5, 5. ಅಂದರೆ ನಾಲ್ಕನೆಯ ಪ್ರಶ್ನೆಪತ್ರಿಕೆ ಎಲ್ಲರಿಗೂ ಕಠಿಣವಾಗಿತ್ತು, ಇವಳು ಇದ್ದಲ್ಲೇ ಇದ್ದಾಳೆ.

5 ಮತ್ತು 7.5ರ ನಡುವಿನ ವ್ಯತ್ಯಾಸಕ್ಕೂ ಅರ್ಥ ಹುಡುಕಬೇಡಿ. ಎಂಬತ್ತರಲ್ಲಿ ಐವತ್ತೈದು ಅರವತ್ತು ಸರಿ ಮಾಡುವ ಮಗುವಿನ ಕಲಿಕೆ ಒಂದಿಷ್ಟೂ ಬದಲಾಗದಿದ್ದರೂ, ಬಂದ ಪ್ರಶ್ನೆ ಯಾವುವು ಎಂಬುದರ ಮೇಲೆಯೇ ನಾಲ್ಕು ಉತ್ತರ ಹೆಚ್ಚು ಕಡಿಮೆ ಆಗುತ್ತವೆ. ಒಂದು ಉತ್ತರಕ್ಕೆ 1.25 ಅಂಕ, ಹಾಗಾಗಿ ಐದು ಅಂಕದ ಏರಿಳಿತ ಮಾಮೂಲು. ಇಪ್ಪತ್ತೇ ಪ್ರಶ್ನೆಯ ಅಂಕಗಣಿತ ವಿಭಾಗದಲ್ಲಿ ಎರಡು ಪ್ರಶ್ನೆಯ ಏರಿಳಿತ ವಾರ ವಾರವೂ ಇದ್ದದ್ದೇ. ರ‍್ಯಾಂಕನ್ನು ಪತ್ರದಲ್ಲಿ ಹಾಕಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಡುವೆ ಅಂಕಗಳು ಒತ್ತೊತ್ತಾಗಿರುತ್ತವೆ, ಎರಡು ಉತ್ತರ ತಪ್ಪಿದರೆ ಹತ್ತು ಸ್ಥಾನ ಇಳಿಯಬಹುದು, ಮನೆಯವರು ಆ ಹತ್ತನ್ನೇ ಹಿಡಿದು ಕೂರುತ್ತಾರೆ.

ಹಾಗಾದರೆ ಪತ್ರದಲ್ಲಿ ಹೇಳುವಂಥದ್ದೇ ಇಲ್ಲವೇ? ಇದೆ, ಅದನ್ನು ನಾಲ್ಕು ಟೆಸ್ಟನ್ನೂ ಒಟ್ಟು ಹಾಕಿ ತೆಗೆಯಬೇಕು. ಈ ಹುಡುಗಿ ಆಕೃತಿಗಳ ಪ್ರಶ್ನೆಯಿರುವ ಮಾನಸಿಕ ಸಾಮರ್ಥ್ಯದಲ್ಲಿ 160ಕ್ಕೆ 128, ಭಾಷೆಯಲ್ಲಿ 80ಕ್ಕೆ 58, ಅಂಕಗಣಿತದಲ್ಲಿ 80ಕ್ಕೆ 39 ಸರಿ ಮಾಡಿದ್ದಾಳೆ. ಅಂಕಗಣಿತದಲ್ಲಿ ಕೈ ತಪ್ಪಿದ 41 ಪ್ರಶ್ನೆಗಳನ್ನು ಒಂದೊಂದಾಗಿ ತಿರುವಿ ನೋಡಿ. 17ಕ್ಕೆ ಉತ್ತರವನ್ನೇ ತುಂಬಿಲ್ಲ. 14 ಭಿನ್ನರಾಶಿ, ದಶಮಾಂಶದವು. ಉಳಿದ 10 ಅಲ್ಲಿ ಇಲ್ಲಿ ಚದುರಿದ ಲೆಕ್ಕದ ತಪ್ಪು, ಅವನ್ನು ಈ ತಿಂಗಳು ಬಿಡಿ.

ಖಾಲಿ ಬಿಟ್ಟದ್ದು ಬಾರದೆಯೋ, ವೇಳೆ ಸಾಲದೆಯೋ? ಓಎಂಆರ್ ಹಾಳೆ ಅದನ್ನು ಹೇಳುವುದಿಲ್ಲ. ಅದಕ್ಕೆ ಟೆಸ್ಟಿನ ಅರವತ್ತನೆಯ ನಿಮಿಷಕ್ಕೆ ಗಂಟೆ ಹೊಡೆಯಿರಿ, ಮಕ್ಕಳು ಯಾವ ಪ್ರಶ್ನೆಯಲ್ಲಿದ್ದಾರೋ ಅಲ್ಲಿ ಪೆನ್ಸಿಲಿನಿಂದ ಗೆರೆ ಹಾಕಲಿ. ಈ ಹುಡುಗಿಯ ಗೆರೆ ನಾಲ್ಕೂ ಸಲ 31ನೆಯ ಪ್ರಶ್ನೆಯ ಆಸುಪಾಸು ಬಿದ್ದಿದೆ, ಅಂದರೆ ಆಕೃತಿಗಳ ನಲವತ್ತೂ ಮುಗಿದಿಲ್ಲ. ಆಮೇಲೆ ಭಾಷೆ ಮಾಡಿ, ಅಂಜಿಕೆಯಿರುವ ಅಂಕಗಣಿತವನ್ನು ಕೊನೆಗೆ ತಳ್ಳಿದ್ದಾಳೆ. ವೇಳೆಯೇ ಕಾರಣ ಎಂಬುದು ಇಲ್ಲಿ ಗೊತ್ತಾಯಿತು. ಭಿನ್ನರಾಶಿಯ ಕಚ್ಚಾ ಲೆಕ್ಕವನ್ನೂ ನೋಡಬೇಕು. 2/3 + 1/4 ಎಂಬಲ್ಲಿ ಅವಳು 3/7 ಬರೆದಿದ್ದಾಳೆ: ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾಳೆ. ಛೇದ ಸಮ ಮಾಡುವುದು ಮನಸ್ಸಿಗೆ ಇಳಿದಿಲ್ಲ, 11/12ಕ್ಕೆ ದಾರಿ ಸಿಕ್ಕಿಲ್ಲ.

ಇಷ್ಟಾದ ಮೇಲೆ ಪತ್ರ ಬರೆಯಲು ಕೂರಬಹುದು. ನಾನಾದರೆ ಹೀಗೆ ಬರೆಯುತ್ತೇನೆ:

"ತಾಯಿ ತಂದೆಯವರಿಗೆ ನಮಸ್ಕಾರ. ಈ ತಿಂಗಳು ನಿಮ್ಮ ಮಗಳು ನಾಲ್ಕೂ ಟೆಸ್ಟ್ ಬರೆದಿದ್ದಾಳೆ. ನಾಲ್ಕರಲ್ಲೂ ಬ್ಯಾಚಿನ ನಡುವಿನ ಅಂಕಕ್ಕಿಂತ 5ರಿಂದ 7.5 ಅಂಕ ಮೇಲಿದ್ದಾಳೆ. ಕೊನೆಯ ಟೆಸ್ಟಿನಲ್ಲಿ 63.75 ಬಂದಿದೆ, ಆ ಪತ್ರಿಕೆ ಕಠಿಣವಿತ್ತು, ಎಲ್ಲ ಮಕ್ಕಳ ಅಂಕವೂ ಇಳಿದಿದೆ. ಆಕೃತಿಗಳ ವಿಭಾಗ ಚೆನ್ನಾಗಿದೆ. ಅಂಕಗಣಿತದಲ್ಲಿ ಅರ್ಧದಷ್ಟು ಪ್ರಶ್ನೆ ತಪ್ಪಿಹೋಗುತ್ತಿವೆ. ಕಾರಣ ಎರಡು: ವೇಳೆ ಸಾಲುತ್ತಿಲ್ಲ, ಭಿನ್ನರಾಶಿ ಇನ್ನೂ ಗಟ್ಟಿಯಾಗಿಲ್ಲ. ಮುಂದಿನ ಎರಡು ವಾರ ಪ್ರತಿದಿನ ತರಗತಿಗೆ ಮೊದಲು ಅರ್ಧ ತಾಸು ಭಿನ್ನರಾಶಿ ನಾವು ಮಾಡಿಸುತ್ತೇವೆ. ಟೆಸ್ಟಿನಲ್ಲಿ 55 ನಿಮಿಷಕ್ಕೆ ಆಕೃತಿಗಳನ್ನು ನಿಲ್ಲಿಸಿ ಅಂಕಗಣಿತಕ್ಕೆ ಹೋಗುವುದನ್ನು ರೂಢಿ ಮಾಡಿಸುತ್ತೇವೆ. ನೀವು ಅವಳನ್ನು ಅರ್ಧ ತಾಸು ಮೊದಲು ಕಳಿಸಿದರೆ ಸಾಕು. ಮನೆಯಲ್ಲಿ ಹೆಚ್ಚು ಓದಿಸುವುದು, ಆಟ ಬಿಡಿಸುವುದು ಬೇಡ. ಏನಾಯಿತೆಂದು ಮುಂದಿನ ಪತ್ರದಲ್ಲಿ ತಿಳಿಸುತ್ತೇವೆ."

'ಅರ್ಧದಷ್ಟು ತಪ್ಪಿಹೋಗುತ್ತಿವೆ' ಎಂಬುದನ್ನು ನಾನು ಮುಚ್ಚಿಟ್ಟಿಲ್ಲ. ಹೆದರಿಸಬಾರದೆಂದು ಸತ್ಯ ನುಂಗಿದರೆ ಫಲಿತಾಂಶದ ದಿನ ಆ ಮನೆಗೆ ಇನ್ನೂ ದೊಡ್ಡ ಪೆಟ್ಟು. ಕಾರಣವನ್ನೂ ಕೆಲಸವನ್ನೂ ಜೊತೆಗೇ ಹೇಳಿದರೆ ಅದೇ ಸಂಗತಿಯನ್ನು ಪಾಲಕರು ತಾಳ್ಮೆಯಿಂದ ಕೇಳುತ್ತಾರೆ. 'ಗಮನ ಹರಿಸಿ' ಎಂದಷ್ಟೇ ಬರೆದರೆ ಭಿನ್ನರಾಶಿ ಬಾರದ ತಾಯಿ ಏನು ಮಾಡಬೇಕು? ಬೈಯುತ್ತಾಳೆ, ಅಷ್ಟೇ. ಬ್ಯಾಚಿಗಿಂತ ಮೇಲಿರುವುದೆಂದರೆ ಸೀಟು ಸಿಕ್ಕಂತೆ ಎಂದು ಯಾರಾದರೂ ತಿಳಿದರೆ, ಹಾಗಲ್ಲವೆಂದು ಅಲ್ಲೇ ಬಿಡಿಸಿ ಹೇಳಿ. ನಮ್ಮ ಬ್ಯಾಚೇ ಜಿಲ್ಲೆಯಲ್ಲ.

ನಿಜವಾದ ಇಳಿತವೂ ಇರುತ್ತದೆ. ನಡುವಿನ ಅಂಕಕ್ಕೆ ಹೋಲಿಸಿದಾಗ ಮಗು ಮೂರು ಟೆಸ್ಟ್ ಸತತವಾಗಿ ಕೆಳಗಿಳಿದು, ಒಟ್ಟು ಇಳಿಕೆ ಹತ್ತು ಅಂಕ ದಾಟಿದರೆ ಅದನ್ನು ಅದೃಷ್ಟದ ಲೆಕ್ಕಕ್ಕೆ ಹಾಕಬೇಡಿ. ಆಗ ಪತ್ರಕ್ಕೆ ಮೊದಲು ಫೋನ್ ಮಾಡಿ, ಅದೂ ಅಂಕ ಹೇಳಲಿಕ್ಕಲ್ಲ, ಕೇಳಲಿಕ್ಕೆ: ನಿದ್ದೆ ಹೇಗಿದೆ, ಬೋರ್ಡಿನ ಅಕ್ಷರ ಕಾಣುತ್ತದೆಯೇ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ. ಕನ್ನಡಕ ಬೇಕಾದ ಮಗುವಿಗೆ ಲೆಕ್ಕ ಎಷ್ಟು ಮಾಡಿಸಿದರೂ ಉಪಯೋಗವಿಲ್ಲ.

ಈ ಹುಡುಗಿಯ ಮುಂದಿನ ಪತ್ರ ಖಾಲಿ ಬಿಟ್ಟ ಪ್ರಶ್ನೆಗಳಿಂದಲೇ ಶುರುವಾಗಬೇಕು. ನಾಲ್ಕು ಟೆಸ್ಟಿಗೆ 17 ಇದ್ದದ್ದು ನಾಲ್ಕೈದಕ್ಕೆ ಇಳಿದಿದ್ದರೆ 55 ನಿಮಿಷದ ರೂಢಿ ಹಿಡಿದಿದೆ. ಖಾಲಿ ಕಡಿಮೆಯಾಗಿಯೂ ಸರಿ ಉತ್ತರ ಹೆಚ್ಚಾಗದಿದ್ದರೆ ಅವಳು ಸುಮ್ಮನೆ ಗುರುತು ಹಾಕಿ ತುಂಬುತ್ತಿದ್ದಾಳೆ. ತಪ್ಪಿಗೆ ಅಂಕ ಕಳೆಯದ ಕಾರಣ ಅದರಿಂದ ನಷ್ಟವಿಲ್ಲ, ಆದರೆ ಭಿನ್ನರಾಶಿಯ ಅರ್ಧ ತಾಸನ್ನು ಇನ್ನೆರಡು ವಾರ ಮುಂದುವರಿಸಬೇಕು. ಅದನ್ನೂ ಪತ್ರದಲ್ಲಿ ಹಾಗೇ ಬರೆಯಿರಿ.