ಎಷ್ಟು ಕೊಡ್ತೀರಿ ಅಂತ ಆಮೇಲೆ ಕೇಳಿ

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವುದು ನಲವತ್ತು ನಿಮಿಷ. ಅದರಲ್ಲಿ ಮೈಕ್ ಸರಿಮಾಡುವುದಕ್ಕೆ ಐದು ನಿಮಿಷ ಆಗಲೇ ಹೋಯಿತು. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ರಿವರ್ಸ್ ಮಾರ್ಟ್‌ಗೇಜ್ ಅಂದರೆ ಏನು ಅಂತ ಇಲ್ಲಿ ವಿವರಿಸಬೇಕಾಗಿಲ್ಲ. ಸ್ವಂತ ಮನೆ ಇದೆ, ಕೈಯಲ್ಲಿ ಕಾಸಿಲ್ಲ. ಮನೆಯನ್ನು ಬ್ಯಾಂಕಿಗೆ ಅಡ ಇಡುತ್ತೀರಿ, ಬ್ಯಾಂಕೇ ನಿಮಗೆ ತಿಂಗಳು ತಿಂಗಳು ದುಡ್ಡು ಕೊಡುತ್ತದೆ. ಕಂತು ಕಟ್ಟುವ ತಲೆನೋವಿಲ್ಲ. ಇಷ್ಟು ನಿಮಗೆಲ್ಲ ಗೊತ್ತು. ಗೊತ್ತಿರುವುದರಿಂದಲೇ ಈ ಸಭೆ ಕರೆದಿದ್ದಾರೆ. ಹೋದ ತಿಂಗಳು ನಿಮ್ಮಲ್ಲೇ ಮೂವರು ಅರ್ಜಿ ನಮೂನೆ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದರು. ಮೂವರೂ ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟು ಸಿಗುತ್ತೆ?’

ನನ್ನ ಹಟ ಏನಪ್ಪಾ ಅಂದರೆ, ಆ ಪ್ರಶ್ನೆ ಎರಡನೆಯದು. ಮೊದಲನೆಯದು, ‘ಈ ಸಾಲ ಯಾವತ್ತು ವಾಪಸ್ ಕೇಳ್ತೀರಿ?’

ಈ ಪ್ರಶ್ನೆಯನ್ನು ನನಗೆ ಕಲಿಸಿದ್ದು ಒಬ್ಬ ಹೆಂಗಸು. ನಾನು ಸಾಲದ ವಿಭಾಗದಲ್ಲಿ ಕೂತಿದ್ದ ಕಾಲ. ಒಂದು ದಂಪತಿ ಬಂದರು. ಗಂಡನಿಗೆ ಅರವತ್ತೆಂಟು, ಹೆಂಡತಿಗೆ ಐವತ್ಮೂರು. ಮನೆ ಗಂಡನ ಹೆಸರಿನಲ್ಲಿತ್ತು. ಕಾಗದಪತ್ರ ಅಂದರೆ ಕಾಗದಪತ್ರ! ಮೂವತ್ತು ವರ್ಷದ ತೆರಿಗೆ ರಸೀದಿಗಳನ್ನು ವರ್ಷವಾರು ದಾರ ಕಟ್ಟಿ ಇಟ್ಟಿದ್ದರು. ಅಷ್ಟು ಅಚ್ಚುಕಟ್ಟಾದ ಫೈಲು ನಮ್ಮ ಬ್ಯಾಂಕಿನಲ್ಲೂ ಇರಲಿಲ್ಲ.

ತೊಡಕು ಒಂದೇ. ಭಾರತದಲ್ಲಿ ಈ ಯೋಜನೆಗೆ ನಿಯಮ ಮಾಡಿದ್ದು ರಾಷ್ಟ್ರೀಯ ವಸತಿ ಬ್ಯಾಂಕು. ಅದರ ಪ್ರಕಾರ ಸಾಲಗಾರರಿಗೆ ಅರವತ್ತು ತುಂಬಿರಬೇಕು. ಗಂಡ ಹೆಂಡತಿ ಜಂಟಿಯಾಗಿ ತಗೊಳ್ಳುವುದಾದರೆ ಒಬ್ಬರಿಗೆ ಅರವತ್ತು ದಾಟಿರಬೇಕು, ಇನ್ನೊಬ್ಬರಿಗೆ ಐವತ್ತೈದಕ್ಕಿಂತ ಕಡಿಮೆ ಇರಬಾರದು. ಈಯಮ್ಮನಿಗೆ ಎರಡು ವರ್ಷ ಕಡಿಮೆ. ನಾನು ಆಗ ಭಾರಿ ಬುದ್ಧಿವಂತ. ‘ಅದಕ್ಕೇನು ಸ್ವಾಮಿ, ನಿಮ್ಮ ಒಬ್ಬರ ಹೆಸರಿನಲ್ಲೇ ಮಾಡಿಬಿಡೋಣ. ಇನ್ನೂ ಒಳ್ಳೆಯದೇ ಆಯಿತು’ ಅಂದೆ. ಒಳ್ಳೆಯದು ಯಾಕೆ ಅಂದರೆ, ಸಾಲದ ಮೊತ್ತ ಲೆಕ್ಕ ಹಾಕುವಾಗ ಕಿರಿಯ ಸಾಲಗಾರರ ವಯಸ್ಸು ನೋಡುತ್ತಾರೆ. ವಯಸ್ಸು ಜಾಸ್ತಿಯಾದಷ್ಟೂ ತಿಂಗಳಿಗೆ ಸಿಗುವುದು ಜಾಸ್ತಿ. ಗಂಡನ ಮುಖ ಅರಳಿತು. ಪೆನ್ನು ತೆಗೆದರು.

ಅಲ್ಲಿಯವರೆಗೆ ಆಯಮ್ಮ ಒಂದು ಮಾತೂ ಆಡಿರಲಿಲ್ಲ. ಆಗ ಕೇಳಿದರು: ‘ಸರ್, ಈ ಸಾಲ ಯಾವತ್ತು ವಾಪಸ್ ಕೇಳ್ತೀರಿ?’

ನಾನು ಬಾಯಿಪಾಠ ಒಪ್ಪಿಸಿದೆ. ಕೊನೆಯ ಸಾಲಗಾರರು ತೀರಿಕೊಂಡಾಗ, ಅಥವಾ ಮನೆ ಮಾರಿದಾಗ, ಅಥವಾ ಮನೆ ಬಿಟ್ಟು ಖಾಯಂ ಹೋದಾಗ.

‘ಸಾಲಗಾರರು ಅಂದ್ರೆ ಇವರು ಒಬ್ಬರೇ ಅಲ್ವಾ? ಹಾಗಾದ್ರೆ ಇವರು ಹೋದ ಮೇಲೆ ನಾನೆಲ್ಲಿರೋದು?’

ನಿಜ ಹೇಳುತ್ತೇನೆ, ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳಿಗಿಂತ ಹದಿನೈದು ವರ್ಷ ದೊಡ್ಡವನು ಗಂಡ. ಅವನು ಮೊದಲು ಹೋಗುವ ಸಾಧ್ಯತೆಯೇ ಜಾಸ್ತಿ. ಹೋದ ಮೇಲೆ ಪೂರ್ತಿ ಸಾಲ ತೀರಿಸಬೇಕು, ಇಲ್ಲವೇ ಮನೆ ಮಾರಬೇಕು. ಮೂವತ್ತು ವರ್ಷ ಅಲ್ಲೇ ಬದುಕಿದವಳು ಕಾಗದದ ಮಟ್ಟಿಗೆ ಹೊರಗಿನವಳು. ನಾನು ಅದನ್ನು ‘ಇನ್ನೂ ಒಳ್ಳೆಯದು’ ಅಂದಿದ್ದೆ.

ಇದು ನನ್ನೊಬ್ಬನ ದಡ್ಡತನ ಅಂತ ಅಂದುಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು, ಅಮೆರಿಕದಲ್ಲಿ ಇದೇ ದೊಡ್ಡ ರಾದ್ಧಾಂತವಾಗಿತ್ತು ಅಂತ. ಅಲ್ಲಿ ಸರ್ಕಾರದ ವಿಮೆ ಇರುವ ಯೋಜನೆಗೆ ವಯಸ್ಸಿನ ಮಿತಿ ಅರವತ್ತೆರಡು. ಅದಕ್ಕಿಂತ ಚಿಕ್ಕವರಾದ ಹೆಂಡತಿಯರನ್ನು ಕಾಗದದಿಂದ ಹೊರಗಿಟ್ಟು ಸಾಲ ಕೊಟ್ಟರು. ಗಂಡ ತೀರಿಕೊಂಡ ಮೇಲೆ ಆ ಹೆಂಗಸರ ಮನೆಗೆ ಹರಾಜಿನ ನೋಟಿಸು ಬಂತು. ವಿಷಯ ಕೋರ್ಟಿಗೆ ಹೋಯಿತು. 2014ರಲ್ಲಿ ಅಲ್ಲಿನ ಸರ್ಕಾರ ನಿಯಮ ಬದಲಿಸಿ, ಕೆಲವು ಷರತ್ತುಗಳ ಮೇಲೆ ಅಂಥ ಸಂಗಾತಿ ಮನೆಯಲ್ಲೇ ಇರಬಹುದು ಅಂತ ಮಾಡಿತು. ಆದರೆ ಅವರಿಗೆ ಹೊಸದಾಗಿ ದುಡ್ಡು ಬರುವುದಿಲ್ಲ, ಇರುವುದಕ್ಕೆ ಮಾತ್ರ ಅವಕಾಶ.

ನಮ್ಮ ದಂಪತಿ ಏನು ಮಾಡಿದರು? ಎರಡು ವರ್ಷ ಕಾದರು. ಮಹಡಿ ಮೇಲಿನ ಕೋಣೆ ಬಾಡಿಗೆಗೆ ಕೊಟ್ಟು ಹೇಗೋ ನಡೆಸಿದರು. ಆಕೆಗೆ ಐವತ್ತೈದು ತುಂಬಿದ ಮೇಲೆ ಜಂಟಿಯಾಗಿ ಅರ್ಜಿ ಹಾಕಿದರು. ತಿಂಗಳಿಗೆ ಸಿಕ್ಕಿದ್ದು ಮೊದಲಿನ ಲೆಕ್ಕಕ್ಕಿಂತ ಕಡಿಮೆಯೇ. ಗಂಡ ಗೊಣಗಿದರು. ಆಕೆ ನಕ್ಕರು. ಅದರಲ್ಲೂ ಒಂದು ತಮಾಷೆ ಇದೆ. ರುಜು ಹಾಕುವ ದಿನ ಕರಾರು ಓದಿದರೆ, ಬ್ಯಾಂಕಿಗೆ ಹೇಳದೆ ಮನೆಯ ಯಾವ ಭಾಗವನ್ನೂ ಬಾಡಿಗೆಗೆ ಕೊಡುವಂತಿಲ್ಲ! ಕೊಟ್ಟರೆ ಸಾಲವನ್ನು ಕೂಡಲೇ ವಾಪಸ್ ಕೇಳಬಹುದು. ಎರಡು ವರ್ಷ ಅನ್ನ ಹಾಕಿದ ಬಾಡಿಗೆದಾರನಿಗೆ ನಮಸ್ಕಾರ ಹೇಳಿ ಕಳಿಸಿದರು.

ಇಷ್ಟು ಹೇಳಿದೆ ಅಂತ ಯೋಜನೆಯೇ ಕೆಟ್ಟದು ಅಂದುಕೊಳ್ಳಬೇಡಿ. ಒಳ್ಳೆಯದು ಗಟ್ಟಿಯಾಗಿಯೇ ಇದೆ. ಮನೆ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಇಬ್ಬರೂ ಸಾಲಗಾರರಾಗಿದ್ದರೆ ಇಬ್ಬರೂ ಕೊನೆಯವರೆಗೆ ಅಲ್ಲೇ ಇರಬಹುದು. ಭಾರತದಲ್ಲಿ 2008ರಲ್ಲಿ ಕಾನೂನು ತಿದ್ದಿ, ಹೀಗೆ ಬರುವ ದುಡ್ಡು ಸಾಲವೇ ಹೊರತು ಆದಾಯವಲ್ಲ ಅಂತ ಮಾಡಿದರು. ಅದಕ್ಕೆ ಆದಾಯ ತೆರಿಗೆ ಇಲ್ಲ. ಎಲ್ಲಕ್ಕಿಂತ ಮುಖ್ಯ, ಕೊನೆಗೆ ಸಾಲ ಮನೆಯ ಬೆಲೆಯನ್ನು ಮೀರಿದರೂ ಮಿಕ್ಕಿದ್ದಕ್ಕೆ ಮಕ್ಕಳನ್ನು ಹಿಡಿಯುವಂತಿಲ್ಲ. ಆ ನಷ್ಟ ಬ್ಯಾಂಕಿನದು. ಮಾರಿದ ದುಡ್ಡು ಸಾಲಕ್ಕಿಂತ ಜಾಸ್ತಿ ಬಂದರೆ ಉಳಿದದ್ದು ವಾರಸುದಾರರಿಗೆ. ಮನೆ ಬೇಕು ಅನ್ನುವ ಮಕ್ಕಳು ಸಾಲ ತೀರಿಸಿ ಬಿಡಿಸಿಕೊಳ್ಳಬಹುದು.

ಈಗ ಬಡ್ಡಿ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಕಾಗದ ಪೆನ್ನು ಇದ್ದವರು ಬರೆದುಕೊಳ್ಳಿ.

ತಿಂಗಳಿಗೆ 1,000, ಹದಿನೈದು ವರ್ಷದ ಅವಧಿ ಅಂತಿಟ್ಟುಕೊಳ್ಳಿ. ಯಾವ ದೇಶದ ನಾಣ್ಯವಾದರೂ ಆಗಲಿ, ಲೆಕ್ಕ ಒಂದೇ. ಬಡ್ಡಿ ವರ್ಷಕ್ಕೆ ಶೇ. 10, ತಿಂಗಳು ತಿಂಗಳು ಅಸಲಿಗೆ ಸೇರುತ್ತದೆ. ಐದು ವರ್ಷದಲ್ಲಿ ನಿಮ್ಮ ಕೈಗೆ ಬಂದಿದ್ದು 60,000. ಸಾಲ ಸುಮಾರು 77,000. ಪರವಾಗಿಲ್ಲ ಅನಿಸುತ್ತದೆ. ಹತ್ತು ವರ್ಷಕ್ಕೆ ಕೈಗೆ ಬಂದಿದ್ದು 1,20,000, ಸಾಲ ಸುಮಾರು 2,05,000. ಹದಿನೈದು ವರ್ಷಕ್ಕೆ ಕೈಗೆ ಬಂದಿದ್ದು 1,80,000, ಸಾಲ 4,14,000. ಅವಧಿ ಮುಗಿಯಿತು, ದುಡ್ಡು ಬರುವುದು ನಿಂತಿತು. ನೀವು ಮನೆಯಲ್ಲೇ ಇದ್ದೀರಿ, ಯಾರೂ ಎಬ್ಬಿಸುವುದಿಲ್ಲ. ಆದರೆ ಬಡ್ಡಿ ಮಲಗುವುದಿಲ್ಲ. ಇನ್ನೂ ಐದು ವರ್ಷ ಕಳೆದರೆ ಸಾಲ ಸುಮಾರು 6,82,000. ಆ ಐದು ವರ್ಷ ನಿಮಗೆ ಒಂದು ಕಾಸೂ ಬಂದಿಲ್ಲ.

ಮಾಮೂಲಿ ಮನೆ ಸಾಲದಲ್ಲಿ ವರ್ಷ ಕಳೆದಂತೆ ಎದೆ ಹಗುರ. ಇಲ್ಲಿ ಉಲ್ಟಾ. ಹೆಸರಿನಲ್ಲೇ ರಿವರ್ಸ್ ಅಂತ ಬರೆದಿದ್ದಾರೆ, ಮೋಸ ಏನಿಲ್ಲ.

ಈ ಲೆಕ್ಕದಿಂದ ಎರಡು ವಿಷಯ ಹೊರಡುತ್ತವೆ. ಒಂದು, ಅವಧಿ. ಭಾರತದ ನಿಯಮದಲ್ಲಿ ದುಡ್ಡು ಕೊಡುವ ಅವಧಿ ಹೆಚ್ಚೆಂದರೆ 20 ವರ್ಷ. ಅರವತ್ತಕ್ಕೇ ಶುರು ಮಾಡಿದವರಿಗೆ ಎಂಬತ್ತಕ್ಕೆ ನಿಲ್ಲುತ್ತದೆ. ಔಷಧಿಗೆ ಜಾಸ್ತಿ ದುಡ್ಡು ಬೇಕಾಗುವುದೇ ಆಗ! ಆಗ ಅಡ ಇಡುವುದಕ್ಕೆ ಇನ್ನೊಂದು ಮನೆ ಎಲ್ಲಿದೆ? ಹಾಗಾಗಿ ಬೇರೆ ದಾರಿ ಇರುವವರೆಗೆ ತಡ ಮಾಡಿ. ಎಪ್ಪತ್ತು ದಾಟಿದ ಮೇಲೆ ಇದರ ಪ್ರಯೋಜನವೇ ಬೇರೆ. ಬದುಕಿರುವವರೆಗೂ ಕೊಡುವ ಬಗೆಯೂ ಇದೆ, ವಿಮಾ ಕಂಪನಿಯನ್ನು ಸೇರಿಸಿಕೊಂಡು ಮಾಡುವುದು. ಅದು ನಿಮ್ಮ ಕಡೆ ಸಿಗುತ್ತದೆಯೇ ಅಂತ ಕೇಳಿ.

ಎರಡು, ಒಂದೇ ಗಂಟು. ಹದಿನೈದು ವರ್ಷದಲ್ಲಿ ಬರುವ ಅದೇ 1,80,000ವನ್ನು ಮೊದಲ ದಿನವೇ ತಗೊಂಡರೆ, ಹದಿನೈದು ವರ್ಷಕ್ಕೆ ಸಾಲ ಎಂಟು ಲಕ್ಷ ದಾಟುತ್ತದೆ. ತಿಂಗಳು ತಿಂಗಳು ತಗೊಂಡಿದ್ದರೆ ನಾಲ್ಕು ಚಿಲ್ಲರೆ. ಮೊದಲ ದಿನದಿಂದಲೇ ಪೂರ್ತಿ ಮೊತ್ತಕ್ಕೆ ಬಡ್ಡಿ ಓಡುತ್ತದಲ್ಲ. ಆಪರೇಷನ್ನಿಗೆ, ಚಾವಣಿ ರಿಪೇರಿಗೆ ಬೇಕಾದರೆ ಬೇಕಾದಷ್ಟೇ ತಗೊಳ್ಳಿ. ಗಂಟು ತಗೊಂಡು ಅಲ್ಲಿ ಹೂಡಿ ಇಲ್ಲಿ ಹೂಡಿ ಅಂತ ಯಾರಾದರೂ ಹೇಳಿದರೆ, ಅವರಿಗೆ ಕಮಿಷನ್ ಎಷ್ಟು ಅಂತ ವಿಚಾರಿಸಿ. ಅಳಿಯನೇ ಹೇಳಿದರೂ ವಿಚಾರಿಸಿ. (ಅಳಿಯಂದಿರು ಇಲ್ಲಿ ಯಾರೂ ಇಲ್ಲ ತಾನೇ?)

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ‘ಐದು ನಿಮಿಷ’ ಅಂತ ಬರೆದಿದೆ. ಇನ್ನೂ ಅರ್ಧ ಪಟ್ಟಿ ಬಾಕಿ ಇದೆ. ಓಡುತ್ತೇನೆ.

ಮತ್ತೆ ಅದೇ ಪ್ರಶ್ನೆ, ಯಾವತ್ತು ವಾಪಸ್ ಕೇಳ್ತೀರಿ? ಸಾವು, ಮಾರಾಟ ಇವೆರಡನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಬೇರೆ. ಮನೆ ತೆರಿಗೆ ಬಾಕಿ ಬಿದ್ದರೆ, ಮನೆಯ ವಿಮೆ ನಿಂತರೆ, ರಿಪೇರಿ ಮಾಡಿಸದೆ ಗೋಡೆ ಬೀಳಲು ಬಿಟ್ಟರೆ, ಹಕ್ಕುಪತ್ರಕ್ಕೆ ಮಗನ ಹೆಸರು ಸೇರಿಸಿದರೆ. ಇವೆಲ್ಲ ಕರಾರು ಮುರಿದ ಲೆಕ್ಕ. ತೆರಿಗೆ ವಿಮೆ ನಿಮ್ಮದೇ ಖರ್ಚು, ಬ್ಯಾಂಕಿನದಲ್ಲ. ತಿಂಗಳ ದುಡ್ಡಿನಲ್ಲಿ ಅದಕ್ಕೆ ಅಂತ ಮೊದಲೇ ಎತ್ತಿಡಿ.

ಮನೆ ಬಿಟ್ಟಿರುವ ವಿಷಯವೂ ಇದೆ. ಒಂದು ವರ್ಷ ಸತತವಾಗಿ ಇಬ್ಬರೂ ಆ ಮನೆಯಲ್ಲಿ ಇಲ್ಲದಿದ್ದರೆ ಖಾಯಂ ಬಿಟ್ಟಂತೆ. ಬೇರೆ ದೇಶದಲ್ಲಿರುವ ಮಗಳ ಬಾಣಂತನಕ್ಕೆ ಹೋಗಿ, ಆಮೇಲೆ ಮೊಮ್ಮಗು ನೋಡಿಕೊಳ್ಳಲು ಅಲ್ಲೇ ಉಳಿಯುವವರು ಇದನ್ನು ಲೆಕ್ಕ ಇಟ್ಟುಕೊಳ್ಳಬೇಕು. ಆರೈಕೆ ಕೇಂದ್ರಕ್ಕೆ ಸೇರಿದವರಿಗೂ ಇದೇ. ಅಲ್ಲಿನ ಶುಲ್ಕ ಕಟ್ಟಬೇಕಾದ ಹೊತ್ತಿಗೇ ಸಾಲವೂ ಮೈಮೇಲೆ ಬರುತ್ತದೆ.

ಮಕ್ಕಳಿಗೆ ಮೊದಲೇ ಹೇಳಿ. ಅನುಮತಿ ಕೇಳಿ ಅಂತಲ್ಲ, ಹೇಳಿ. ಶುಲ್ಕಗಳ ಬಗ್ಗೆ, ಐದು ವರ್ಷಕ್ಕೊಮ್ಮೆಯಾದರೂ ಮನೆಯ ಬೆಲೆ ಮತ್ತೆ ಕಟ್ಟುವ ಬಗ್ಗೆ ಇನ್ನೊಂದು ಸಲ ಮಾತಾಡೋಣ.

ಒಂದು ಮಾತ್ರ ಬಿಡುವಂತಿಲ್ಲ. ರುಜು ಹಾಕಿದ ಮೇಲೂ ಮೂರು ಕೆಲಸದ ದಿನಗಳೊಳಗೆ ಬೇಡ ಅನ್ನುವ ಹಕ್ಕು ಭಾರತದ ನಿಯಮದಲ್ಲೂ ಇದೆ, ಅಮೆರಿಕದಲ್ಲೂ ಇದೆ. ನಿಮ್ಮ ಕರಾರಿನಲ್ಲಿ ಆ ಸಾಲು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಹೇಳಿ. ಆ ಮೂರು ದಿನ ಕಾಗದವನ್ನು ಬೀರುವಿನಲ್ಲಿ ಇಡಬೇಡಿ, ಊಟದ ಮೇಜಿನ ಮೇಲಿಡಿ. ಇಬ್ಬರೂ ಓದಿ. ‘ಸಾಲಗಾರರು’ ಅನ್ನುವ ಪದದ ಮುಂದೆ ಎಷ್ಟು ಹೆಸರಿದೆ ಅಂತ ಎಣಿಸಿ.

ಅಧ್ಯಕ್ಷರು ಈಗ ಎದ್ದೇ ನಿಂತಿದ್ದಾರೆ. ಪ್ರಶ್ನೆ ಇದ್ದವರು ಕೇಳಬಹುದು. ಮೂರನೇ ಸಾಲಿನಲ್ಲಿ ಒಬ್ಬರು ಆಗಿನಿಂದ ಕೈ ಎತ್ತಿದ್ದಾರೆ, ಅವರ ಪಕ್ಕದಲ್ಲಿ ಕೂತಿರುವ ಅವರ ಯಜಮಾನರು ಆ ಕೈಯನ್ನು ಇಳಿಸುತ್ತಿದ್ದಾರೆ. ಮೊದಲು ಆ ಅಮ್ಮನಿಗೆ ಮೈಕ್ ಕೊಡಿ.