ಹಳೆಯ ಚೀಸ್ ಮತ್ತು ಹಳೆಯ ಖಿನ್ನತೆಯ ಮಾತ್ರೆ: ಟೈರಮೀನ್ ಎಚ್ಚರಿಕೆ ಯಾಕೆ?

ಎಲ್ಲರಿಗೂ ನಮಸ್ಕಾರ.

ಫೆನೆಲ್ಜಿನ್, ಟ್ರಾನಿಲ್‌ಸೈಪ್ರೊಮಿನ್, ಐಸೊಕಾರ್ಬಾಕ್ಸಜಿಡ್. ಖಿನ್ನತೆಯ ಚಿಕಿತ್ಸೆಗೆ ಮೊದಲು ಬಂದ ಗುಳಿಗೆಗಳ ಪೈಕಿ ಇವು ಸೇರುತ್ತವೆ. ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಗೆ ಕೆಲವು ದೇಶಗಳಲ್ಲಿ ಇವತ್ತಿಗೂ ಇವನ್ನು ಬರೆದುಕೊಡುತ್ತಾರೆ, ಜೊತೆಗೆ ತಿನ್ನಬಾರದ ಪದಾರ್ಥಗಳ ಒಂದು ಪಟ್ಟಿಯನ್ನೂ ಕೊಡುತ್ತಾರೆ. ಹಳೆಯ ಚೀಸ್, ಒಣಮೀನು, ಸೋಯಾ ಸಾಸ್, ನಲ್ಲಿಯಿಂದ ಹಿಡಿದ ಬಿಯರ್. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲದ ಪಟ್ಟಿ. ಸಂಬಂಧ ಇದೆ, ಅದು ಪತ್ತೆಯಾದದ್ದು 1963ರಲ್ಲಿ, ಇಂಗ್ಲೆಂಡಿನಲ್ಲಿ.

ಟ್ರಾನಿಲ್‌ಸೈಪ್ರೊಮಿನ್ ತೆಗೆದುಕೊಳ್ಳುವ ಕೆಲವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು ಬರುತ್ತಿತ್ತು, ಕೆಲವರಿಗೆ ಮಿದುಳಿನ ರಕ್ತಸ್ರಾವವೂ ಆಗಿತ್ತು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಯುವ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್ ಈ ಬಗ್ಗೆ ವೈದ್ಯಪತ್ರಿಕೆಯೊಂದಕ್ಕೆ ಬರೆದರು. ಅದನ್ನು ಓದಿದ ನಾಟಿಂಗ್‌ಹ್ಯಾಮ್‌ನ ಒಬ್ಬ ಫಾರ್ಮಸಿಸ್ಟ್ ಅವರಿಗೆ ಪತ್ರ ಹಾಕಿದರು: ಇದೇ ಮಾತ್ರೆಯಲ್ಲಿರುವ ನನ್ನ ಹೆಂಡತಿಗೆ ಚೀಸ್ ತಿಂದಾಗ ಹೀಗಾಗುತ್ತದೆ, ಬೆಣ್ಣೆ ಅಥವಾ ಹಾಲಿನಿಂದ ಏನೂ ಆಗುವುದಿಲ್ಲ. ಇಡೀ ಗುಟ್ಟು ಈ ಕೊನೆಯ ಮಾತಿನಲ್ಲಿದೆ. ಹಾಲು, ಬೆಣ್ಣೆ, ಚೀಸ್ ಮೂರೂ ಒಂದೇ ಮೂಲದವು. ಚೀಸನ್ನು ಮಾತ್ರ ತಿಂಗಳುಗಟ್ಟಲೆ ಮಾಗಲು ಬಿಡುತ್ತಾರೆ.

ಹಾಲಿನ ಪ್ರೋಟೀನ್ ಒಡೆದಾಗ ಟೈರೊಸಿನ್ ಎಂಬ ಅಮೈನೊ ಆಮ್ಲ ಬಿಡುಗಡೆಯಾಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಅದರಿಂದ ಇಂಗಾಲದ ಡೈಆಕ್ಸೈಡ್ ಕಳಚಿ ಟೈರಮೀನ್ ಮಾಡುತ್ತವೆ. ಪ್ರೋಟೀನ್, ಬ್ಯಾಕ್ಟೀರಿಯಾ, ಕಾಲಾವಕಾಶ, ಈ ಮೂರೂ ಕೂಡಿದಲ್ಲೆಲ್ಲ ಇದು ನಡೆಯುತ್ತದೆ. ಪಟ್ಟಿಯಲ್ಲಿರುವ ಪದಾರ್ಥಗಳನ್ನು ಬಹುಮಟ್ಟಿಗೆ ಬೆಸೆಯುವ ಎಳೆ ಇದೇ. ಒಮ್ಮೆ ಹುಟ್ಟಿದ ಟೈರಮೀನ್ ಬೇಯಿಸಿದರೂ ಹೋಗುವುದಿಲ್ಲ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ಕೆಟ್ಟ ಮಾಂಸವನ್ನು ಎಷ್ಟು ಕುದಿಸಿದರೂ ಈ ಮಟ್ಟಿಗೆ ಅದು ಕೆಟ್ಟದ್ದೇ.

ಹಾಗಾದರೆ ನಾವೆಲ್ಲ ಚೀಸ್ ತಿಂದು ಸುಖವಾಗಿರುವುದು ಹೇಗೆ? ಕರುಳಿನ ಗೋಡೆಯಲ್ಲೂ ಯಕೃತ್ತಿನಲ್ಲೂ ಮೊನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವ ಕಾವಲುಗಾರನಂತೆ ನಿಂತಿದೆ. ಊಟದಲ್ಲಿ ಬಂದ ಟೈರಮೀನಿನ ಬಹುಪಾಲು ರಕ್ತವನ್ನು ಸೇರುವ ಮೊದಲೇ ಅದರ ಕೈಯಲ್ಲಿ ಮುರಿದುಹೋಗುತ್ತದೆ. ಈ ಕಿಣ್ವಕ್ಕೆ ಎ ಮತ್ತು ಬಿ ಎಂದು ಎರಡು ರೂಪಗಳಿವೆ, ಕರುಳಿನಲ್ಲಿ ಎ ರೂಪದ್ದೇ ಮೇಲುಗೈ. ಫೆನೆಲ್ಜಿನ್‌ನಂಥ ಗುಳಿಗೆಗಳು ಕೆಲಸ ಮಾಡುವುದು ಇದೇ ಕಿಣ್ವವನ್ನು ತಡೆದು. ಖಿನ್ನತೆಯ ಚಿಕಿತ್ಸೆಗೆ ತಡೆಯಬೇಕಾದದ್ದು ಮಿದುಳಿನ ಕಿಣ್ವವನ್ನು. ಆದರೆ ನುಂಗಿದ ಗುಳಿಗೆ ಮೊದಲು ಹಾದುಹೋಗುವುದು ಕರುಳಿನ ಮೂಲಕವೇ, ಅಲ್ಲಿನ ಕಾವಲೂ ಸತ್ತುಹೋಗುತ್ತದೆ.

ಹೀಗೆ ರಕ್ತಕ್ಕೆ ಸೇರಿದ ಟೈರಮೀನ್ ರಕ್ತನಾಳಗಳ ಮೇಲಿನ ನರತುದಿಗಳನ್ನು ತಲುಪುತ್ತದೆ. ನಾಳಗಳನ್ನು ಬಿಗಿಸುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಮರಳಿ ಒಳಸೇರಿಸುವ ದಾರಿಯಲ್ಲೇ ಇದೂ ಒಳನುಗ್ಗುತ್ತದೆ, ಅಲ್ಲಿನ ಪುಟ್ಟ ಕೋಶಿಕೆಗಳಲ್ಲಿ ಕೂಡಿಟ್ಟ ನಾರ್‌ಅಡ್ರಿನಲಿನ್ ಅನ್ನು ಹೊರದಬ್ಬುತ್ತದೆ. ನರತುದಿಯೊಳಗೆ ಚೆಲ್ಲಿದ್ದನ್ನು ಸಾಮಾನ್ಯವಾಗಿ ಅದೇ ಕಿಣ್ವ ಅಲ್ಲಿಯೇ ನಾಶಮಾಡಬೇಕಿತ್ತು, ಈಗ ಅದೂ ಇಲ್ಲ. ಅಂದರೆ ಒಂದೇ ಔಷಧದಿಂದ ಎರಡು ಕಡೆ ಪೆಟ್ಟು. ನಾಳಗಳು ಬಿಗಿಯುತ್ತವೆ, ಬಿ.ಪಿ. ಜಿಗಿಯುತ್ತದೆ.

ಪ್ರಮಾಣ ನೋಡಿ. ಔಷಧ ತೆಗೆದುಕೊಳ್ಳದ ಆರೋಗ್ಯವಂತರಲ್ಲಿ ಬಿ.ಪಿ.ಯ ಮೇಲಿನ ಅಂಕಿಯನ್ನು 30ರಷ್ಟು ಏರಿಸಲು ಸುಮಾರು 400ರಿಂದ 500 ಮಿಲಿಗ್ರಾಂ ಟೈರಮೀನ್ ಬೇಕು. ಫೆನೆಲ್ಜಿನ್ ತೆಗೆದುಕೊಳ್ಳುವವರಿಗೆ ಸುಮಾರು 15 ಸಾಕು, ಟ್ರಾನಿಲ್‌ಸೈಪ್ರೊಮಿನ್ ಆದರೆ ಸುಮಾರು 8. ಅದಕ್ಕೇ ಒಂದು ಊಟಕ್ಕೆ 6 ಮಿಲಿಗ್ರಾಂ ಮೀರಬಾರದು ಎಂದು ಹೇಳುವುದು. ಟ್ರಾನಿಲ್‌ಸೈಪ್ರೊಮಿನ್ ತೆಗೆದುಕೊಳ್ಳುವವರೊಬ್ಬರು ಸಂಜೆ 40 ಗ್ರಾಂ ಮಾಗಿದ ಚೀಸ್ ತಿಂದರು ಎನ್ನೋಣ. ಅದರಲ್ಲಿ ಗ್ರಾಂಗೆ ಅರ್ಧ ಮಿಲಿಗ್ರಾಂ ಟೈರಮೀನ್ ಇದ್ದರೂ ಒಟ್ಟು 20 ಆಯಿತು, ಮಿತಿಯ ಮೂರು ಪಟ್ಟಿಗಿಂತ ಹೆಚ್ಚು. ಅದೇ ಚೀಸ್ ಪಕ್ಕದಲ್ಲಿ ಕೂತವರಿಗೆ ಏನೂ ಮಾಡುವುದಿಲ್ಲ.

ಈ ಲೆಕ್ಕದಲ್ಲಿ ಮೋಸ ಮಾಡುವುದು ಆ ಅರ್ಧ ಮಿಲಿಗ್ರಾಂ. ಸ್ವಚ್ಛವಾದ ಕಾರ್ಖಾನೆಗಳಲ್ಲಿ ತಯಾರಾಗುವ ಇಂದಿನ ಎಷ್ಟೋ ಚೀಸ್‌ಗಳಲ್ಲಿ ಟೈರಮೀನ್ ಅಷ್ಟಿರುವುದಿಲ್ಲ, ಆದರೆ ತುಂಡಿನಿಂದ ತುಂಡಿಗೆ ವ್ಯತ್ಯಾಸ ಬಹಳ. ಹೋದ ವಾರ ತಿಂದೆ, ಏನೂ ಆಗಲಿಲ್ಲ ಎನ್ನುವುದು ಈ ವಾರಕ್ಕೆ ಸಾಕ್ಷಿಯಲ್ಲ. ರೋಗಿಗಳು ಜಾರುವುದು ಹೆಚ್ಚಾಗಿ ಇಲ್ಲೇ.

ಇನ್ನೊಂದು ಕಡೆ, ಪಟ್ಟಿಯನ್ನು ಬೇಕಿಲ್ಲದಷ್ಟು ಬೆಳೆಸಿದ್ದೂ ಉಂಟು. ಹಾಲು, ತಾಜಾ ಪನೀರ್, ತಾಜಾ ಮೊಸರು, ಅಂದೇ ತಂದು ಬೇಯಿಸಿದ ಮೀನು ಮಾಂಸಕ್ಕೆ ಅಡ್ಡಿಯಿಲ್ಲ. ಬಾಳೆಹಣ್ಣು ಎಷ್ಟೋ ವರ್ಷ ಪಟ್ಟಿಯಲ್ಲಿತ್ತು. ತಿರುಳಿನಲ್ಲಿ ಟೈರಮೀನ್ ಕಡಿಮೆ, ಇರುವುದು ಸಿಪ್ಪೆಯಲ್ಲಿ. ಸಿಪ್ಪೆಯನ್ನು ಬಿಸಾಡುವವರಿಗೆ ಈ ಮಾತು ಅನಗತ್ಯ, ಬಾಳೆಕಾಯಿ ಸಿಪ್ಪೆಯ ಚಟ್ನಿ ಮಾಡುವ ನಮ್ಮ ಮನೆಗಳಿಗೆ ಮಾತ್ರ ಬೇಕೇ ಬೇಕು. ಬಿಯರಿನಲ್ಲಿ ಬಾಟಲಿಯದಕ್ಕಿಂತ ಪೀಪಾಯಿಗೆ ನಲ್ಲಿ ಹಚ್ಚಿ ಹಿಡಿದದ್ದು ಅಪಾಯ, ಬ್ಯಾಕ್ಟೀರಿಯಾ ಸೇರಿಕೊಂಡ ಅಂಥ ಬಿಯರಿನ ಒಂದು ಗ್ಲಾಸೇ ಮಿತಿ ದಾಟಿಸಬಹುದು.

ಆಪತ್ತು ಬಂದರೆ ಊಟವಾದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಗೊತ್ತಾಗುತ್ತದೆ. ಹಿಂದಲೆಯಲ್ಲಿ ಬಡಿಯುವಂಥ ನೋವು, ಕುತ್ತಿಗೆ ಬಿಗಿತ, ಬೆವರು, ವಾಕರಿಕೆ, ಎದೆ ಡವಡವ. ಮನೆಯಲ್ಲಿ ಬಿ.ಪಿ. ಯಂತ್ರವಿದ್ದರೆ ಕೂತು ಅಳೆಯಬೇಕು. 180/120ರ ಆಸುಪಾಸು ಬಂದರೆ ತಡಮಾಡದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು, ಮಾತ್ರೆಯ ಹೆಸರನ್ನು ಮೊದಲೇ ಹೇಳಬೇಕು. ಯಂತ್ರವಿಲ್ಲದಿದ್ದರೆ ಲಕ್ಷಣಗಳೇ ಸಾಕು, ಸಂಖ್ಯೆಗಾಗಿ ಕಾಯಬಾರದು. ಅಲ್ಲಿ ಫೆಂಟೊಲಮಿನ್‌ನಂಥ, ಬಿಗಿದ ನಾಳಗಳನ್ನು ಸಡಿಲಿಸುವ ಔಷಧವನ್ನು ಸಿರೆಯ ಮೂಲಕ ಕೊಡುತ್ತಾರೆ. ಹಿಂದೆ ರೋಗಿಗಳೇ ನಿಫೆಡಿಪಿನ್ ಗುಳಿಗೆಯನ್ನು ಜೇಬಿನಲ್ಲಿಟ್ಟುಕೊಂಡು ಕಚ್ಚುತ್ತಿದ್ದರು. ಬಿ.ಪಿ. ಒಮ್ಮೆಲೇ ಕುಸಿದು ಹೃದಯಕ್ಕೋ ಮಿದುಳಿಗೋ ರಕ್ತ ಸಾಲದೆ ಹೋಗುವ ಭಯದಿಂದ ಆ ಪದ್ಧತಿಯನ್ನು ಬಿಟ್ಟಿದ್ದಾರೆ.

ಮಾತ್ರೆ ನಿಲ್ಲಿಸಿದ ಮರುದಿನ ಚೀಸ್ ತಿನ್ನಬಹುದೇ? ಬಾರದು. ಈ ಹಳೆಯ ಔಷಧಗಳು ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತವೆ. ದೇಹ ಹೊಸದನ್ನು ತಯಾರಿಸಬೇಕು, ಅದಕ್ಕೆ ಸುಮಾರು ಎರಡು ವಾರ ಬೇಕು. ಅಷ್ಟು ದಿನವೂ ಪಥ್ಯ ಮುಂದುವರಿಯಬೇಕು. ಮೊಕ್ಲೊಬೆಮೈಡ್ ಮಾತ್ರ ಬೇರೆ ಬಗೆ. ಅದು ಕಿಣ್ವಕ್ಕೆ ಸಡಿಲವಾಗಿ ಅಂಟಿಕೊಳ್ಳುತ್ತದೆ, ಟೈರಮೀನ್ ಬಂದರೆ ಜಾಗ ಬಿಟ್ಟುಕೊಡುತ್ತದೆ. ಹಾಗಾಗಿ ಅದರ ಪಥ್ಯ ಬಹಳ ಸಡಿಲ. ಇದೇ ಕಿಣ್ವವನ್ನು ತಡೆಯುವ ಸೆಲೆಜಿಲಿನ್ ಅನ್ನು ಚರ್ಮಕ್ಕೆ ಅಂಟಿಸುವ ಪಟ್ಟಿಯಾಗಿ ಕೊಟ್ಟಾಗ ಅದು ಕರುಳಿನ ಮೂಲಕ ಹಾದುಹೋಗದಿರುವುದರಿಂದ ಅದರ ಕನಿಷ್ಠ ಪ್ರಮಾಣದಲ್ಲಿ, ಅಂದರೆ ದಿನಕ್ಕೆ 6 ಮಿಲಿಗ್ರಾಂ ಬಿಡುವ ಪಟ್ಟಿಗೆ, ಆಹಾರದ ನಿರ್ಬಂಧವಿಲ್ಲ. 9 ಮತ್ತು 12ರದಕ್ಕೆ ಇದೆ.

ನಮ್ಮ ಕಡೆ ಖಿನ್ನತೆಗೆ ಈ ಹಳೆಯ ಮಾತ್ರೆಗಳ ಬಳಕೆ ಅಪರೂಪ. ಆದರೆ ಕ್ಷಯದ ಚಿಕಿತ್ಸೆಯಲ್ಲಿ ಇದೇ ಕಿಣ್ವದ ಮಾತು ಬರುತ್ತದೆ. ಈ ಬಗೆಯ ಮೊದಲ ಔಷಧವಾದ ಇಪ್ರೊನಿಯಜಿಡ್ 1950ರ ದಶಕದಲ್ಲಿ ಕ್ಷಯದ ಔಷಧವಾಗಿಯೇ ಹುಟ್ಟಿತು, ರೋಗಿಗಳು ಉಲ್ಲಸಿತರಾದದ್ದನ್ನು ಕಂಡ ಮೇಲೆ ಖಿನ್ನತೆಯ ಕಡೆ ತಿರುಗಿತು. ಇಂದು ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಲಿನೆಜೊಲಿಡ್ ಕೂಡ ಈ ಕಿಣ್ವವನ್ನು ತುಸು ತಡೆಯುತ್ತದೆ. ತಡೆ ದುರ್ಬಲವಾದ್ದರಿಂದ ಅದರ ಮಿತಿ ಒಂದು ಊಟಕ್ಕೆ 100 ಮಿಲಿಗ್ರಾಂ ಟೈರಮೀನ್. ಸಾಧಾರಣ ಊಟ ಅಲ್ಲಿಗೆ ಮುಟ್ಟುವುದಿಲ್ಲ. ಲಿನೆಜೊಲಿಡ್ ತೆಗೆದುಕೊಳ್ಳುವವರು ಹೆಚ್ಚು ನೋಡಬೇಕಾದದ್ದು ಅಂಗಡಿಯಿಂದ ತಾವೇ ತರುವ ನೆಗಡಿ ಗುಳಿಗೆಯನ್ನು. ಅದರಲ್ಲಿ ಬಿ.ಪಿ. ಏರಿಸಬಲ್ಲ ಸ್ಯೂಡೋಎಫೆಡ್ರಿನ್ ಅಥವಾ ಫಿನೈಲೆಫ್ರಿನ್ ಇದೆ ಎಂದು ಬರೆದಿದ್ದರೆ ವೈದ್ಯರನ್ನು ಕೇಳದೆ ನುಂಗಬಾರದು.