ಕಡೀಕ ಇಬ್ರೂ ಕೂಡ್ತಾರಿಲ್ರಿ?

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಈ ಬಿಸಿಲಲ್ಲಿ ಇಷ್ಟು ಜನ ಬಂದಿದ್ದೀರಿ, ಅದೂ ಪ್ರೇಮ ಕಾದಂಬರಿ ಬಗ್ಗೆ ಮಾತು ಕೇಳೋಕೆ. ಸಂತೋಷ. ಗಂಭೀರ ಸಾಹಿತ್ಯ ಬೇಕು ಅನ್ನೋರು ಪಕ್ಕದ ಹೋಟೆಲಿನಲ್ಲಿ ಮಿರ್ಚಿ ತಿಂತಿದ್ದಾರೆ ಅಂತ ಕಾಣುತ್ತೆ.

ನನ್ನ ಸೋದರಮಾವ ತೀನ್ ಕಂದೀಲ್ ಹತ್ತಿರ ಒಂದು ಸಣ್ಣ ಬಾಡಿಗೆ ಲೈಬ್ರರಿ ನಡೆಸುತ್ತಿದ್ದರು. ಎಂಬತ್ತರ ದಶಕದ ಮಾತು. ಒಂದು ಪುಸ್ತಕಕ್ಕೆ ದಿನಕ್ಕೆ ಇಪ್ಪತ್ತೈದು ಪೈಸೆ. ಬೇಸಿಗೆ ರಜೆಯಲ್ಲಿ ಗಲ್ಲಾದ ಹತ್ತಿರ ನಾನು ಕೂತಿರುತ್ತಿದ್ದೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ತಲೆ ಮೇಲೆ ಸೆರಗು ಹೊದ್ದು ಹೆಣ್ಣುಮಕ್ಕಳು ಬರುತ್ತಿದ್ದರು. ಲೇಖಕರು ಯಾರು ಅಂತ ಕೇಳುವವರು ಇದ್ದರು, ಇಲ್ಲ ಅನ್ನಲ್ಲ. ಆದರೆ ಹೊಸ ಹೆಸರಿನ ಪುಸ್ತಕ ಕೈಗೆ ಕೊಟ್ಟರೆ ಎಲ್ಲರ ಪ್ರಶ್ನೆಯೂ ಒಂದೇ: "ಅಣ್ಣಾರ, ಕಡೀಕ ಇಬ್ರೂ ಕೂಡ್ತಾರಿಲ್ರಿ?"

ಕೂಡಲ್ಲ ಅಂದರೆ ಪುಸ್ತಕ ವಾಪಸ್ ಕಪಾಟಿಗೆ. ನಾನು ಒಳಗೊಳಗೇ ನಗುತ್ತಿದ್ದೆ. ಕೊನೆ ಗೊತ್ತಾದ ಮೇಲೆ ಓದೋದು ಏನಿದೆ ಅಂತ. ಆ ಪ್ರಶ್ನೆ ಎಷ್ಟು ಜಾಣತನದ್ದು ಅಂತ ತಿಳಿಯೋಕೆ ನನಗೆ ಬಹಳ ವರ್ಷ ಬೇಕಾಯಿತು. ಇವತ್ತಿನ ಮಾತು ಅದರ ಬಗ್ಗೆಯೇ.

ಅಮೆರಿಕದಲ್ಲಿ ಜಾನಿಸ್ ರಾಡ್ವೇ ಅನ್ನುವ ಸಂಶೋಧಕಿ ಇದೇ ಪ್ರಶ್ನೆಯನ್ನು ಅಲ್ಲಿನ ಓದುಗರ ಬಾಯಿಂದ ಕೇಳಿದರು. 1984ರಲ್ಲಿ ಬಂದ ಅವರ 'ರೀಡಿಂಗ್ ದಿ ರೊಮ್ಯಾನ್ಸ್' ಪುಸ್ತಕ ಈ ವಿಷಯಕ್ಕೆ ಇವತ್ತಿಗೂ ಮೊದಲ ಮೆಟ್ಟಿಲು. ಅವರು ಹೋದದ್ದು ಒಂದು ಊರಿಗೆ, ಒಂದೇ ಪುಸ್ತಕದಂಗಡಿಗೆ. ಊರಿನ ಹೆಸರು ಮುಚ್ಚಿಟ್ಟು ಅದನ್ನು ಸ್ಮಿತ್ಟನ್ ಅಂತ ಕರೆದರು. ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳಿಗೆ ಡಾಟ್ ಅಂತ ಹೆಸರಿಟ್ಟರು. ಯಾವುದು ಓದಬಹುದು, ಯಾವುದು ಬೇಡ ಅಂತ ಈ ಡಾಟ್ ಹೇಳಿದರೆ ಊರಿನ ಓದುಗರಿಗೆ ಅದೇ ವೇದವಾಕ್ಯ. ನಮ್ಮ ಮಾವನ ಹಾಗೇ. ಒಟ್ಟು 42 ಮಹಿಳೆಯರು ಪ್ರಶ್ನೆಪತ್ರಿಕೆ ತುಂಬಿದರು. ಅವರಲ್ಲಿ ಹೆಚ್ಚಿನವರು ಮದುವೆಯಾಗಿ ಮಕ್ಕಳಿದ್ದವರು.

ಒಳ್ಳೆ ಪ್ರೇಮ ಕಾದಂಬರಿಗೆ ಏನು ಇರಲೇಬೇಕು ಅಂತ ಕೇಳಿದಾಗ ಎಲ್ಲಕ್ಕಿಂತ ಮುಂದೆ ಬಂದದ್ದು ಸುಖಾಂತ್ಯ. ಪ್ರೀತಿ ನಿಧಾನಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಬೆಳೆಯಬೇಕು ಅನ್ನೋದೂ ಮುಖ್ಯ ಆಗಿತ್ತು. ಏನು ಇರಲೇಬಾರದು ಅಂದರೆ ಬಲಾತ್ಕಾರ, ದುಃಖದ ಕೊನೆ, ಕ್ರೂರಿ ನಾಯಕ. ಕೆಲವರು ದುಡ್ಡು ಕೊಡುವ ಮುಂಚೆ ಕೊನೆಯ ಪುಟ ತಿರುಗಿಸಿ ನೋಡಿಬಿಡುತ್ತಿದ್ದರು. ತೀನ್ ಕಂದೀಲಿನ ಪ್ರಶ್ನೆ, ಸ್ಮಿತ್ಟನ್ನಿನ ಪುಟ ತಿರುಗಿಸುವ ಕೈ, ಎರಡೂ ಒಂದೇ ಅಲ್ವಾ?

ಆದರೆ ರಾಡ್ವೇ ಅವರನ್ನು ಚಕಿತಗೊಳಿಸಿದ್ದು ಬೇರೆ. ಅವರು ಕೇಳಿದ್ದು ಕಥೆಯ ಬಗ್ಗೆ. ಹೆಂಗಸರು ಉತ್ತರ ಕೊಟ್ಟಿದ್ದು ಓದುವ ಹೊತ್ತಿನ ಬಗ್ಗೆ. ಅದು ನನ್ನ ಹೊತ್ತು, ಆಗ ನಾನು ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ ಅನ್ನುವ ಅರ್ಥದ ಮಾತು ಮತ್ತೆ ಮತ್ತೆ ಬಂತು. ಪುಸ್ತಕ ಮುಖದ ಮುಂದೆ ಹಿಡಿದರೆ ಅದು ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಗಂಡಂದಿರಿಗೆ ಇದು ಸೇರುತ್ತಿರಲಿಲ್ಲ. ರಾಡ್ವೇ ಇದಕ್ಕೆ ಕೊಟ್ಟ ಕಾರಣ ಸರಳ. ಮನೆಯಲ್ಲಿ ಎಲ್ಲರ ಹಸಿವು, ಸಿಟ್ಟು, ಬೇಜಾರು ನೋಡಿಕೊಳ್ಳುವವಳು ಅವಳು. ಅವಳದನ್ನು ನೋಡಿಕೊಳ್ಳೋರು ಯಾರೂ ಇಲ್ಲ. ಕಥೆಯೊಳಗೆ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ನಾಯಕಿಯನ್ನು ತಾಯಿಯ ಹಾಗೆ ನೋಡಿಕೊಳ್ಳುತ್ತಾನೆ. ಓದುಗಳಿಗೆ ಆ ಆರೈಕೆ ಅಷ್ಟು ಹೊತ್ತಾದರೂ ತಾಗುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಅದು ಒಂದು ಅಂಗಡಿಯ, ಒಬ್ಬ ಡಾಟ್‌ಳ ರುಚಿಗೆ ಒಗ್ಗಿದ 42 ಜನರ ಮಾತು. ಹಾಸಿಗೆಯ ವಿವರ ಜಾಸ್ತಿ ಇದ್ದರೆ ಅವರಿಗೆ ಆಗುತ್ತಿರಲಿಲ್ಲ. ಇವತ್ತು ಅದನ್ನೇ ಹುಡುಕಿ ಓದುವವರು ಬೇಕಾದಷ್ಟು ಜನ ಇದ್ದಾರೆ. ಖಾರ ಎಷ್ಟಿರಬೇಕು ಅನ್ನೋದರಲ್ಲಿ ಜಗಳ ಇದೆ. ಕೊನೆಗೆ ಕೂಡಬೇಕು ಅನ್ನೋದರಲ್ಲಿ ಜಗಳ ಇಲ್ಲ. ಅಮೆರಿಕದ ಪ್ರೇಮ ಕಾದಂಬರಿಕಾರರ ಸಂಘವೇ ಈ ಪ್ರಕಾರಕ್ಕೆ ಕೊಟ್ಟ ವಿವರಣೆಯಲ್ಲಿ ಎರಡೇ ಷರತ್ತು ಇವೆ: ನಡುಮಧ್ಯೆ ಪ್ರೇಮಕಥೆ ಇರಬೇಕು, ಕೊನೆ ಮನಸ್ಸಿಗೆ ತೃಪ್ತಿ ಕೊಡುವ ಹಾಗೆ, ಭರವಸೆ ಹುಟ್ಟಿಸುವ ಹಾಗೆ ಇರಬೇಕು.

ಸರಿ, ಕೊನೆ ಗೊತ್ತಿದ್ದೂ ಇನ್ನೂರು ಪುಟ ಏನು ಓದುತ್ತಾರೆ? ಒಂದು ಕಥೆ ಕಟ್ಟಿ ನೋಡೋಣ. ನಮ್ಮ ಕಡೆಯದೇ ಇರಲಿ. ಲಿಂಗಸುಗೂರಿನಲ್ಲಿ ಒಬ್ಬ ನರ್ಸ್. ಹಟ್ಟಿ ಚಿನ್ನದ ಗಣಿಯಲ್ಲಿ ಒಬ್ಬ ಎಂಜಿನಿಯರ್. ಅವನ ಗಣಿಯ ಒಬ್ಬ ಕಾರ್ಮಿಕ ಆಸ್ಪತ್ರೆಗೆ ಸೇರಿದಾಗ ಇಬ್ಬರಿಗೂ ಭೇಟಿ. ಮೊದಲ ದಿನವೇ ಜಗಳ. ಇದು ಎಲ್ಲರೂ ಬರೆಯುವ ಭಾಗ, ಬಿಡಿ.

ಪಮೇಲಾ ರೀಜಿಸ್ ಅನ್ನುವ ವಿಮರ್ಶಕಿ 2003ರಲ್ಲಿ ಒಂದು ಪುಸ್ತಕ ಬರೆದು, ಪ್ರೇಮ ಕಾದಂಬರಿಗೆ ಬೇಕಾದ ಎಂಟು ಭಾಗಗಳನ್ನು ತೋರಿಸಿದರು. ಅದರಲ್ಲಿ ನನಗೆ ಮುಖ್ಯ ಅನಿಸುವುದು ಅಡ್ಡಗಾಲು. ಅಂದರೆ ಇಬ್ಬರೂ ಯಾಕೆ ಇನ್ನೂ ಕೂಡಿಲ್ಲ ಅನ್ನುವ ಕಾರಣ. ಕಥೆ ನಿಲ್ಲೋದು, ಬೀಳೋದು ಇದರ ಮೇಲೇ.

ಕೆಟ್ಟ ಅಡ್ಡಗಾಲು ಹೀಗಿರುತ್ತದೆ. ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಅವನು ಯಾವಳದೋ ಹೆಗಲ ಮೇಲೆ ಕೈ ಹಾಕಿ ನಿಂತಿದ್ದನ್ನು ಇವಳು ನೋಡುತ್ತಾಳೆ. ಅವಳು ಅವನ ತಂಗಿ. ಇವಳು ಮಾತು ಬಿಡುತ್ತಾಳೆ, ನೂರು ಪುಟ ಅಳುತ್ತಾಳೆ. ಕಾಯಂ ಓದುಗರು ಇದನ್ನು ಕ್ಷಮಿಸಲ್ಲ. "ಅಲ್ರೀ, ಒಂದ್ ಮಾತು ಕೇಳಿದ್ರ ಮುಗೀತಿತ್ತಲ್ಲ!" ಅಂತ ಪುಸ್ತಕ ಎಸೆದು ಹೋಗುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಕಥೆ ಹುಸಿ ಅಂತ ಗುರುತಿಸೋಕೆ ಇದಕ್ಕಿಂತ ಒಳ್ಳೆ ಅಳತೆಗೋಲು ನನಗೆ ಸಿಕ್ಕಿಲ್ಲ. ಐದು ನಿಮಿಷದ ಮಾತಿನಲ್ಲಿ ತೀರುವ ತೊಡಕು ಇನ್ನೂರು ಪುಟದ ಭಾರ ಹೊರಲಾರದು.

ಒಳ್ಳೆ ಅಡ್ಡಗಾಲು ಮಾತಾಡಿದರೂ ತೀರಲ್ಲ. ನರ್ಸಿನ ಸಂಬಳದಲ್ಲಿ ತಂಗಿ ಓದುತ್ತಿದ್ದಾಳೆ, ಅಪ್ಪನ ಸಾಲ ತೀರುತ್ತಿದೆ. ಇನ್ನೂ ಮೂರು ವರ್ಷ ಅವಳು ಕದಲುವ ಹಾಗಿಲ್ಲ. ಅವನಿಗೆ ಬೇರೆ ಊರಿನಲ್ಲಿ ದೊಡ್ಡ ಕೆಲಸ ಸಿಕ್ಕಿದೆ. "ಸಾಲ ನಾ ತೀರಸ್ತೀನಿ, ನೌಕರಿ ಬಿಟ್ಟು ಬಾ" ಅನ್ನುತ್ತಾನೆ. ತುಂಬ ಉದಾರ ಮಾತು. ಅವಳಿಗೆ ಅದೇ ಚುಚ್ಚುತ್ತದೆ. ಅವಳನ್ನು ಇಷ್ಟು ದಿನ ಎತ್ತಿ ನಿಲ್ಲಿಸಿದ್ದು ಆ ನೌಕರಿ. ಈಗ ಇಬ್ಬರೂ ಸರಿ. ಕೂಡೋದು ಹೇಗೆ?

ಇಲ್ಲಿಂದ ಓದುಗಳು ಅವನನ್ನು ಪರೀಕ್ಷೆ ಮಾಡುತ್ತಾಳೆ. ಕೊನೆಗೆ ಕೂಡುತ್ತಾರೆ ಅನ್ನೋದು ಅವಳಿಗೆ ಗೊತ್ತು. ಇವನು ಅದಕ್ಕೆ ಲಾಯಕ್ಕೋ ಅಲ್ಲವೋ ಅನ್ನೋದು ಗೊತ್ತಿಲ್ಲ. ಲಾಯಕ್ಕು ಅಂತ ತೋರಿಸೋದು ದೊಡ್ಡ ಸಾಹಸ ಅಲ್ಲ. ನೈಟ್ ಡ್ಯೂಟಿ ಮುಗಿಸಿ ಅವಳು ಬೆಳಗಿನ ಐದಕ್ಕೆ ಹೊರಗೆ ಬರುತ್ತಾಳೆ. ಅವನು ಆಸ್ಪತ್ರೆ ಗೇಟಿನ ಹತ್ತಿರ ಥರ್ಮಾಸಿನಲ್ಲಿ ಚಹಾ ತಂದು ನಿಂತಿದ್ದಾನೆ. ಏನೂ ಕೇಳಲ್ಲ. ಕುಡಿಯೋ ತನಕ ಕಾಯುತ್ತಾನೆ, ಲೋಟ ಅವನೇ ತೊಳೆಯುತ್ತಾನೆ. ಈ ಒಂದು ಪುಟವನ್ನು ಓದುಗಳು ನಾಲ್ಕು ಸಲ ಓದುತ್ತಾಳೆ. ಕೆನ್ನೆ ಕೆಂಪಾಗುವ ಪುಟಕ್ಕಿಂತ ಈ ಪುಟದ ಮೂಲೆ ಜಾಸ್ತಿ ಮಡಚಿರುತ್ತದೆ. ರಾಡ್ವೇ ಹೇಳಿದ ಆರೈಕೆ ಅಂದರೆ ಇದೇ.

ಆಮೇಲೆ ರೀಜಿಸ್ 'ಸಾವಿನಂಥ ಗಳಿಗೆ' ಅಂತ ಕರೆಯುವ ಜಾಗ ಬರುತ್ತದೆ. ಇನ್ನು ಕೂಡಲು ಸಾಧ್ಯವೇ ಇಲ್ಲ ಅನ್ನಿಸುವ ಹಂತ. ಅವನು ಸಾಮಾನು ಕಟ್ಟುತ್ತಾನೆ. ಕೊನೆ ಗೊತ್ತಿರೋದರಿಂದಲೇ ಓದುಗಳು ಇಲ್ಲಿ ಧೈರ್ಯವಾಗಿ ಅಳಬಹುದು. ಕೆಳಗೆ ಬಲೆ ಕಟ್ಟಿದ್ದರೆ ಹಗ್ಗದ ಮೇಲೆ ನಡೆಯೋದನ್ನು ನೋಡೋಕೆ ಎದೆ ಒಡೆಯಲ್ಲ, ಆದರೂ ಉಸಿರು ಬಿಗಿ ಹಿಡಿಯುತ್ತೇವೆ.

ಮಾರಾಟದ ಗುಟ್ಟೂ ಇಲ್ಲೇ ಇದೆ. ಲಂಡನ್ನಿನಲ್ಲಿ 1908ರಲ್ಲಿ ಶುರುವಾದ ಮಿಲ್ಸ್ ಅಂಡ್ ಬೂನ್ ಮೊದಲಿಗೆ ಎಲ್ಲ ಥರದ ಪುಸ್ತಕ ಹಾಕುತ್ತಿತ್ತು. 1930ರ ದಶಕದಲ್ಲಿ ಬಾಡಿಗೆ ಲೈಬ್ರರಿಗಳನ್ನು ನಂಬಿ ಪ್ರೇಮ ಕಾದಂಬರಿಗೆ ನಿಂತಿತು. ಕಂದು ಬಣ್ಣದ ರಟ್ಟು, ಹಾಗಾಗಿ ಜನ ಹೆಸರು ಬಿಟ್ಟು ಆ ಕಂದು ಪುಸ್ತಕ ಕೊಡಿ ಅಂತ ಕೇಳುತ್ತಿದ್ದರಂತೆ. ಅಂದರೆ ನಂಬಿಕೆ ಲೇಖಕಿಗಿಂತ ರಟ್ಟಿನ ಮೇಲೆ. ಕೊಟ್ಟ ಮಾತು ತಪ್ಪಲ್ಲ ಅಂತ ಗೊತ್ತಿದ್ದರೆ ಮುಂದಿನದನ್ನು ತೆಗೆದುಕೊಳ್ಳೋಕೆ ಯೋಚನೆ ಬೇಡ. ಒಂದು ಪುಸ್ತಕ ಎರಡು ಮಧ್ಯಾಹ್ನಕ್ಕೆ ಮುಗಿಯುತ್ತದೆ, ಮೂರನೇ ದಿನ ಇನ್ನೊಂದು ಬೇಕು. ವರ್ಷಕ್ಕೆ ನಾಲ್ಕು ಪುಸ್ತಕ ಕೊಂಡರೆ ಹೆಚ್ಚು ಅನ್ನುವ ಓದುಗರೂ ಇದ್ದಾರೆ. ಇವಳು ತಿಂಗಳಿಗೆ ಹತ್ತು ಮುಗಿಸುತ್ತಾಳೆ. ಅಮೆರಿಕದಲ್ಲಿ ಮುದ್ರಿತ ಪ್ರೇಮ ಕಾದಂಬರಿಗಳ ಮಾರಾಟ 2020ರಲ್ಲಿ ಸುಮಾರು 1.8 ಕೋಟಿ ಪ್ರತಿ ಇದ್ದದ್ದು 2023ರಲ್ಲಿ 3.9 ಕೋಟಿ ದಾಟಿತು. ಓದುವವರ ಸಂಖ್ಯೆ ಏರಿದ್ದು ನಿಜ, ಆದರೆ ಒಬ್ಬೊಬ್ಬರ ಹಸಿವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎಷ್ಟು ಓದುತ್ತಾರೆ ಅನ್ನೋದಕ್ಕೆ ಒಂದು ಸೊಗಸಾದ ಸಾಕ್ಷಿ ಇದೆ. 2018ರಲ್ಲಿ ಸ್ಕಾಟ್ಲೆಂಡಿನ ಡಂಡೀ ಊರಿನ ಒಂದು ಲೈಬ್ರರಿಯಲ್ಲಿ, ಹಲವು ಪುಸ್ತಕಗಳ 7ನೇ ಪುಟದ ಅಂಕಿಯ ಕೆಳಗೆ ಪೆನ್ನಿನಿಂದ ಗೆರೆ ಎಳೆದಿದ್ದು ಕಣ್ಣಿಗೆ ಬಿತ್ತು. ಗೂಢಚಾರರ ಸಂಕೇತವೋ ಅಂತ ತಮಾಷೆ ನಡೆಯಿತು. ಕೊನೆಗೆ ಗೊತ್ತಾಗಿದ್ದು ಇಷ್ಟು. ಇದು ವಯಸ್ಸಾದ ಓದುಗರು, ತಾವು ಓದಿದ್ದನ್ನೇ ಮತ್ತೆ ಒಯ್ಯಬಾರದು ಅಂತ ಹಾಕಿಕೊಂಡ ಗುರುತು. ನಮ್ಮ ಮಾವನ ಪುಸ್ತಕಗಳಲ್ಲೂ ಇಂಥವು ತುಂಬಿದ್ದವು. ಕೊನೆಯ ರಟ್ಟಿನ ಒಳಗೆ ಒಬ್ಬರದು ಕುಂಕುಮದ ಚುಕ್ಕಿ, ಒಬ್ಬರದು ಸಣ್ಣ ನಕ್ಷತ್ರ. ಮಾವ ಬೈದಂತೆ ಮಾಡುತ್ತಿದ್ದರು. ಆದರೆ ಯಾವ ಪುಸ್ತಕದಲ್ಲಿ ಚುಕ್ಕಿ ಜಾಸ್ತಿ ನೋಡಿ, ಅಂಥದ್ದೇ ಹೊಸದು ತರಿಸುತ್ತಿದ್ದರು.

ಒಮ್ಮೆ ಒಂದು ಕಾದಂಬರಿಯ ಕೊನೆಯ ಹಾಳೆ ಹರಿದು ಹೋಗಿತ್ತು. ಒಯ್ದಿದ್ದ ಅಕ್ಕ ಮಾರನೇ ದಿನ ಬಂದು ಕೂಗಾಡಿದರು. "ನಿದ್ದಿ ಬರಲಿಲ್ಲ ನನಗ, ಕೂಡಿದ್ರೋ ಇಲ್ಲೋ ಹೇಳ್ರಿ ಮೊದ್ಲು!" ಮಾವ ಅದನ್ನು ಓದಿರಲಿಲ್ಲ. ನಾನು ಓದಿದ್ದೆ. ಒಂಬತ್ತನೇ ಕ್ಲಾಸು ಆಗ. ನೋಟ್‌ಬುಕ್ಕಿನ ಹಾಳೆ ಹರಿದು, ನೆನಪಿದ್ದಷ್ಟು ಬರೆದು, ಅಂಟು ಹಚ್ಚಿ ಸೇರಿಸಿದೆ. ನಾಯಕ ವಾಪಸ್ ಬಂದ, ಕ್ಷಮೆ ಕೇಳಿದ, ಮದುವೆ ಆಯಿತು. ಎಂಟು ಸಾಲು.

ಆ ಪುಸ್ತಕ ಮತ್ತೆ ಕೈಗೆ ಬಂದಾಗ ನನ್ನ ಎಂಟು ಸಾಲಿನ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: "ಇಷ್ಟ್ ಜಲ್ದಿ ಕ್ಷಮಾ ಮಾಡ್ತಾಳೇನು?" ಪಕ್ಕದಲ್ಲಿ ಇನ್ನೊಂದು ಕೈಬರಹ: "ನಾನಾಗಿದ್ರ ಆರ್ ತಿಂಗಳು ಕಾಯಿಸ್ತಿದ್ದೆ." ಅದರ ಕೆಳಗೆ ಒಂದು ಕುಂಕುಮದ ಚುಕ್ಕಿ.